ಗುಂಪಿಗೆ ಹೊಸದಾಗಿ ಸೇರಿದವರು ದಯವಿಟ್ಟು ಮೊದಲು ಇದನ್ನು ಓದಿ

ನಮಸ್ಕಾರ. ಈ ತಿಂಗಳು ಬಿ ಬ್ಲಾಕಿಗೆ ಬಂದಿರುವ ಮೂರು ಮನೆಯವರಿಗೂ ಎ-106ಕ್ಕೆ ಬಾಡಿಗೆಗೆ ಬಂದಿರುವವರಿಗೂ ಸ್ವಾಗತ. ಇದು ನಮ್ಮ 72 ಮನೆಗಳ ವಾಟ್ಸ್ಆ್ಯಪ್ ಗುಂಪು. ಪ್ರತಿ ಮನೆಯಿಂದ ಇಬ್ಬರನ್ನು ಸೇರಿಸುತ್ತೇವೆ. ಸ್ವಂತ ಮನೆಯವರು, ಬಾಡಿಗೆಯವರು ಎಂಬ ಭೇದ ಇಲ್ಲಿಲ್ಲ. ಸಂಘದ ಲೆಕ್ಕಪತ್ರ, ಚುನಾವಣೆಯಂಥ ಮಾಲೀಕರ ವಿಷಯಗಳು ಮಾತ್ರ ಸರ್ವಸದಸ್ಯರ ಸಭೆಗೆ ಹೋಗುತ್ತವೆ.

ಗುಂಪು ಇರುವುದು ಎಲ್ಲರಿಗೂ ತಟ್ಟುವ ಸುದ್ದಿಗಾಗಿ. ನೀರು, ವಿದ್ಯುತ್, ಲಿಫ್ಟ್, ಕಸ, ಭದ್ರತೆ, ಯಾರಿಗಾದರೂ ತುರ್ತಾಗಿ ಬೇಕಾದ ನೆರವು, ಇಷ್ಟೇ. ಶುಭೋದಯದ ಹೂವು, ಮನೆಮದ್ದು, ರಾಜಕೀಯ, ಜಾತಿ-ಧರ್ಮದ ವಾದ, ಫಾರ್ವರ್ಡ್ ಆದ ವಿಡಿಯೊ ಬೇಡ. ಕಾರಣ ಹೇಳುತ್ತೇನೆ. ಕಳೆದ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಸಂಪಿನ ಮೋಟರ್ ಕೆಟ್ಟಿತು. "ಎಂಟು ಗಂಟೆಗೆ ನೀರು ನಿಲ್ಲುತ್ತದೆ, ಬಕೆಟ್ ತುಂಬಿಸಿಕೊಳ್ಳಿ" ಎಂದು ವ್ಯವಸ್ಥಾಪಕರು ಆರೂವರೆಗೇ ಬರೆದಿದ್ದರು. ಅದರ ಮೇಲೆ ಹುಟ್ಟುಹಬ್ಬದ ಕೇಕುಗಳ ಸಾಲು ಬಂದು ಕುಳಿತಿತು. ಸಿ ಬ್ಲಾಕಿನಲ್ಲಿ ತಲೆಗೆ ಶಾಂಪೂ ಹಚ್ಚಿಕೊಂಡವರು ಹಾಗೆಯೇ ಟವೆಲ್ ಸುತ್ತಿಕೊಂಡು ಕೆಳಗಿಳಿದು ಬಂದರು. ಹಾರೈಕೆ ಹೇಳಬೇಕೆನಿಸಿದರೆ ಖಾಸಗಿಯಾಗಿ ಕಳುಹಿಸಿ, ಇಲ್ಲವೇ ಬಾಗಿಲು ತಟ್ಟಿ, ಕೇಕೂ ಸಿಗಬಹುದು.

ನೀರಿನ ವಿಷಯ ಬಂದಿದ್ದರಿಂದ ಒಂದು ಮಾತು. ನಮಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಉಳಿದದ್ದು ಬೋರ್‌ವೆಲ್ ಮತ್ತು ಟ್ಯಾಂಕರ್. ಮಾರ್ಚಿನಿಂದ ಟ್ಯಾಂಕರಿನ ಖರ್ಚು ಏರುತ್ತದೆ, ಅದು ನಿರ್ವಹಣಾ ಶುಲ್ಕದಲ್ಲೇ ಕಾಣಿಸಿಕೊಳ್ಳುತ್ತದೆ. ಕುಡಿಯುವ ನೀರಿನಿಂದ ಕಾರು ತೊಳೆಯುವುದನ್ನು 2024ರ ಬರದಲ್ಲಿ ಜಲಮಂಡಳಿ ನಿಷೇಧಿಸಿ, 5,000 ರೂಪಾಯಿ ದಂಡ ಇಟ್ಟಿತ್ತು. ನಾವು ವರ್ಷವಿಡೀ ಅದನ್ನೇ ಪಾಲಿಸುತ್ತೇವೆ: ಕಾರನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು, ಪೈಪ್ ಹಿಡಿಯುವಂತಿಲ್ಲ.

ಹಸಿ ಕಸ ಹಸಿರು ಬುಟ್ಟಿಯಲ್ಲಿ, ಪ್ರತಿದಿನ ಬೆಳಗ್ಗೆ ಏಳೂವರೆಯೊಳಗೆ ಬಾಗಿಲ ಹೊರಗೆ. ಒಣ ಕಸ ಚೀಲದಲ್ಲಿ, ಬುಧವಾರ ಮತ್ತು ಶನಿವಾರ. ಡೈಪರ್, ಪ್ಯಾಡ್‌ಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕೆಂಪು ಬುಟ್ಟಿಗೆ ಹಾಕಿ. ಕಸ ಬಿಡಿಸುವ ಹೆಂಗಸರು ಅವನ್ನು ಕೈಯಲ್ಲಿ ತೆರೆಯಬೇಕಾಗದಿರಲಿ.

ಇನ್ನು ದೂರುಗಳು. ಲಿಫ್ಟ್ ಕೆಟ್ಟಿದೆ, ಮೆಟ್ಟಿಲಿನ ದೀಪ ಉರಿಯುತ್ತಿಲ್ಲ ಎಂಬುದನ್ನು ಬ್ಲಾಕ್, ಮಹಡಿ ಸಮೇತ ಇಲ್ಲಿ ಬರೆಯಿರಿ. "ಯಾರೂ ಗಮನ ಕೊಡುವುದಿಲ್ಲ" ಎಂದು ಶುರು ಮಾಡಬೇಡಿ, ಏನಾಗಿದೆ ಎಂಬುದನ್ನಷ್ಟೇ ಹೇಳಿ. ಮೇಲಿನ ಮನೆಯ ಕುರ್ಚಿ ಎಳೆಯುವ ಸದ್ದು, ಪಕ್ಕದವರ ಚಪ್ಪಲಿ ಸ್ಟ್ಯಾಂಡ್, ಅಡ್ಡ ನಿಲ್ಲಿಸಿದ ಸ್ಕೂಟರ್ ಇವೆಲ್ಲ ಇಬ್ಬರ ನಡುವಿನ ಮಾತು. ಮೊದಲು ಇಂಟರ್‌ಕಾಮ್ ಎತ್ತಿ. ಆಗದಿದ್ದರೆ ನಿಮ್ಮ ಬ್ಲಾಕಿನ ಪ್ರತಿನಿಧಿಗೆ ತಿಳಿಸಿ. 70 ಮನೆಯವರ ಕಣ್ಣೆದುರು ಹೇಳಿದ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಜಗಳ ಅಲ್ಲಿಗೇ ಗಟ್ಟಿಯಾಗುತ್ತದೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಕಾನೂನಿಗೇ ವಿರುದ್ಧ, ಅದಕ್ಕೆ ಮಾತ್ರ ನೇರವಾಗಿ ಭದ್ರತಾ ಸಿಬ್ಬಂದಿಯನ್ನು ಕರೆಯಬಹುದು.

ಒಂದು ವಿಷಯದಲ್ಲಿ ರಿಯಾಯಿತಿ ಇಲ್ಲ. ಮನೆಕೆಲಸದವರು, ಕಾವಲಿನವರು, ಡೆಲಿವರಿ ಹುಡುಗರ ಫೋಟೊ ಹಾಕಿ "ಇವರ ಮೇಲೆ ಅನುಮಾನ, ಹುಷಾರ್" ಎಂದು ಬರೆದರೆ ಆ ಸಂದೇಶವನ್ನು ತಕ್ಷಣ ಅಳಿಸುತ್ತೇವೆ. ಕಾಣೆಯಾಗಿದ್ದ ಉಂಗುರ ಸಂಜೆ ಬೀರುವಿನ ಹಿಂದೆ ಸಿಗುತ್ತದೆ, ಹಾಗೆ ಸಿಕ್ಕಿದ್ದನ್ನು ನೋಡಿದ್ದೇವೆ. ಹೆಸರು ಕೆಟ್ಟವರಿಗೆ ಅಷ್ಟರಲ್ಲಿ ಎರಡು ಮನೆಯ ಕೆಲಸ ಹೋಗಿರುತ್ತದೆ. ಕಳವಾಗಿದ್ದರೆ ಕಾರ್ಯದರ್ಶಿಗೆ ಫೋನ್ ಮಾಡಿ, ಸಿಸಿಟಿವಿ ಒಟ್ಟಿಗೆ ನೋಡೋಣ, ಬೇಕಿದ್ದರೆ ಠಾಣೆಗೂ ಹೋಗೋಣ. ನಾಯಿ, ಬೆಕ್ಕು ಸಾಕಿರುವವರ ಬಗ್ಗೆಯೂ ಒಂದು ಮಾತು: ಲಿಫ್ಟಿನಲ್ಲಿ ನಾಯಿಗೆ ಹಗ್ಗ ಹಾಕಿರಲಿ, ಗಲೀಜನ್ನು ಸಾಕಿದವರೇ ಎತ್ತಲಿ, ಸಾಕಬಾರದು ಎಂಬ ಚರ್ಚೆ ಮಾತ್ರ ಬೇಡ.

"ಇಂದು ರಾತ್ರಿ ನಿಮ್ಮ ವಿದ್ಯುತ್ ಸಂಪರ್ಕ ಕಡಿತ, ಈ ಆ್ಯಪ್ ಹಾಕಿಕೊಳ್ಳಿ" ಎಂಬಂಥ ಸಂದೇಶ ಬಂದರೆ ಲಿಂಕ್ ಒತ್ತಬೇಡಿ, ಇಲ್ಲಿಗೂ ತರಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೆಸ್ಕಾಂ ದೂರಿಗೆ 1912, ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ 112.

ಕನ್ನಡ, ಇಂಗ್ಲಿಷ್, ಹಿಂದಿ ಯಾವುದರಲ್ಲಿ ಬೇಕಾದರೂ ಬರೆಯಿರಿ. ಧ್ವನಿ ಸಂದೇಶ ಬೇಡ, ಸಭೆಯಲ್ಲಿ ಕುಳಿತವರು ಕೇಳಲಾಗುವುದಿಲ್ಲ. ಸೀರೆ, ಉಪ್ಪಿನಕಾಯಿ, ಟ್ಯೂಷನ್, ಹಳೆಯ ಸೋಫಾ ಮಾರುವವರು ಭಾನುವಾರ ಒಂದೇ ಸಂದೇಶ ಹಾಕಬಹುದು. ನಿಯಮ ಮೀರಿದವರಿಗೆ ಮೊದಲು ಖಾಸಗಿಯಾಗಿ ತಿಳಿಸುತ್ತೇವೆ. ಮತ್ತೆ ಮೀರಿದರೆ ಒಂದು ವಾರ ಗುಂಪಿನಿಂದ ಹೊರಗೆ. ಸಮಿತಿಯವರಿಗೂ ಇದು ಅನ್ವಯ.

ಹೊಸಬರು ನಿಮ್ಮ ಹೆಸರು, ಮನೆ ಸಂಖ್ಯೆಯನ್ನು ಇಲ್ಲಿ ಬರೆಯಿರಿ. ವಾಹನದ ಸಂಖ್ಯೆಯನ್ನು ಗೇಟಿನ ಪುಸ್ತಕದಲ್ಲಿ ಬರೆಸಿದರೆ ಸಾಕು. ಈ ಸಂದೇಶಕ್ಕೆ ಹೆಬ್ಬೆರಳು, ಕೈಮುಗಿಯುವ ಚಿತ್ರ ಯಾವುದೂ ಬೇಡ.

– ಕಾರ್ಯದರ್ಶಿ, ಸಿ-304