ವಿಷಯ: ಪೇರೋಲ್ ಮ್ಯಾನೇಜರ್ ಹುದ್ದೆ – ರೆಸ್ಯೂಮೆ ಲಗತ್ತಿಸಿದೆ, ಫೋಟೊ ಮತ್ತು ಜನ್ಮದಿನಾಂಕದ ಕುರಿತು

ಶ್ವೇತಾ ಅವರಿಗೆ ನಮಸ್ಕಾರ.

ನಿನ್ನೆ ಫೋನಿನಲ್ಲಿ ಕೆಲಸದ ವಿವರಗಳನ್ನೆಲ್ಲ ಸಾವಧಾನವಾಗಿ ತಿಳಿಸಿದ್ದಕ್ಕೆ ಧನ್ಯವಾದ. ಪರಿಷ್ಕರಿಸಿದ ರೆಸ್ಯೂಮೆಯನ್ನು ಈ ಮೇಲ್‌ಗೆ ಲಗತ್ತಿಸಿದ್ದೇನೆ. ಈಗಿನ ಕಚೇರಿಯಿಂದ ಬಿಡುಗಡೆ ಪಡೆಯಲು ನನಗೆ 60 ದಿನ ಬೇಕು. ಅದನ್ನೂ ಮೊದಲ ಪುಟದಲ್ಲೇ ನಮೂದಿಸಿದ್ದೇನೆ.

ರೆಸ್ಯೂಮೆಯ ಜೊತೆಗೆ ಪಾಸ್‌ಪೋರ್ಟ್ ಅಳತೆಯ ಫೋಟೊ ಮತ್ತು ಜನ್ಮದಿನಾಂಕವನ್ನೂ ಕಳುಹಿಸುವಂತೆ ನೀವು ಕೇಳಿದ್ದೀರಿ. ಈ ಹಂತದಲ್ಲಿ ಇವೆರಡನ್ನೂ ನಾನು ಕಳುಹಿಸುತ್ತಿಲ್ಲ. ಕಾರಣ ಹೇಳದೆ ಸುಮ್ಮನೆ ಬಿಟ್ಟರೆ ಅದು ಮರೆವಿನಂತೆಯೋ ಅಸಡ್ಡೆಯಂತೆಯೋ ಕಾಣಬಹುದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನನ್ನ ಕೆಲಸವೇ ಇತರರ ಜನ್ಮದಿನಾಂಕವನ್ನು ಕಾಯುವುದು. ಈಗ ನಾನಿರುವ ಸಂಸ್ಥೆಯಲ್ಲಿ 640 ಮಂದಿಯ ಸಂಬಳದ ಕಡತಗಳು ನನ್ನ ಸುಪರ್ದಿಯಲ್ಲಿವೆ. ಜನ್ಮದಿನಾಂಕ ಯಾವಾಗ ಬೇಕಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು: ಪಿಂಚಣಿ ನಿಧಿಗೆ ಹೆಸರು ನೋಂದಾಯಿಸುವಾಗ, ಆರೋಗ್ಯ ವಿಮೆ ಮಾಡಿಸುವಾಗ, ನಿವೃತ್ತಿಯ ದಿನವನ್ನು ಲೆಕ್ಕ ಹಾಕುವಾಗ. ಫೋಟೊ ಬೇಕಾಗುವುದು ಗುರುತಿನ ಚೀಟಿ ತಯಾರಿಸುವಾಗ. ಇವೆಲ್ಲ ಕೆಲಸ ಖಚಿತವಾದ ಮೇಲಿನ ಮಾತು. ಒಬ್ಬರು ತಪ್ಪಿಲ್ಲದೆ ಸಂಬಳದ ಲೆಕ್ಕ ಮಾಡಬಲ್ಲರೇ, ತೆರಿಗೆ ಕಡಿತವನ್ನು ಗಡುವಿನೊಳಗೆ ಕಟ್ಟಬಲ್ಲರೇ ಎಂಬ ಪ್ರಶ್ನೆಗೆ ಇವೆರಡರಲ್ಲಿ ಯಾವುದೂ ಉತ್ತರ ಕೊಡುವುದಿಲ್ಲ.

ಮೇಜಿನ ಆಚೆ ಬದಿಯಲ್ಲೂ ನಾನು ಕುಳಿತಿದ್ದೇನೆ. ಕಳೆದ ಆರು ವರ್ಷಗಳಲ್ಲಿ ನನ್ನ ವಿಭಾಗಕ್ಕೆ ಹನ್ನೊಂದು ಮಂದಿಯನ್ನು ಆಯ್ಕೆ ಮಾಡಿಕೊಂಡಿದ್ದೇವೆ. ಒಮ್ಮೆ ನಮ್ಮ ಮುಂದೆ ಬಂದ ಅರ್ಜಿಗಳಲ್ಲಿ ಫೋಟೊ ಇದ್ದವು. ಅನುಭವದ ಪುಟವನ್ನು ತೆರೆಯುವ ಮೊದಲೇ ಒಬ್ಬ ಸಹೋದ್ಯೋಗಿ, ‘ಇವರಿಗೆ ಸ್ವಲ್ಪ ವಯಸ್ಸಾದಂತಿದೆ, ಹೊಸ ತಂತ್ರಾಂಶ ಕಲಿಯುತ್ತಾರೋ ಇಲ್ಲವೋ’ ಎಂದರು. ಅವರು ಕೆಟ್ಟವರಲ್ಲ, ಕಣ್ಣಿಗೆ ಕಂಡದ್ದನ್ನು ಹೇಳಿದರು ಅಷ್ಟೆ. ನಾನೂ ಆ ಅರ್ಜಿಯನ್ನು ಎರಡನೆಯ ಬಾರಿ ತೆರೆಯಲಿಲ್ಲ. ಆ ಅಭ್ಯರ್ಥಿಗೆ ಯಾಕೆ ಕರೆ ಬರಲಿಲ್ಲ ಎಂಬುದು ಅವರಿಗೆ ಇಂದಿಗೂ ತಿಳಿದಿರಲಾರದು. ಆ ದಿನ ನಾನು ಸುಮ್ಮನಿದ್ದದ್ದು ಇವತ್ತಿಗೂ ನನ್ನನ್ನು ಕಾಡುತ್ತದೆ. ಮುಂದಿನ ಬಾರಿಯಿಂದ ಫೋಟೊ, ಜನ್ಮದಿನಾಂಕಗಳನ್ನು ತೆಗೆದ ಪ್ರತಿಗಳನ್ನೇ ಆಯ್ಕೆ ಸಮಿತಿಗೆ ಕೊಡುವಂತೆ ಮಾಡಿಕೊಂಡೆ. ಇತರರ ಅರ್ಜಿಗೆ ನಾನೇ ಹಾಕಿಕೊಂಡ ಈ ಕ್ರಮವನ್ನು ನನ್ನ ಅರ್ಜಿಯ ವಿಷಯದಲ್ಲಿ ಮುರಿಯಲು ಮನಸ್ಸು ಒಪ್ಪುತ್ತಿಲ್ಲ.

ವಯಸ್ಸನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ಪದವಿ ಮುಗಿಸಿದ ವರ್ಷ, ಮೊದಲ ಕೆಲಸಕ್ಕೆ ಸೇರಿದ ವರ್ಷ ಎರಡೂ ರೆಸ್ಯೂಮೆಯಲ್ಲಿವೆ. ಲೆಕ್ಕ ಹಾಕುವವರು ಹಾಕಿಕೊಳ್ಳಬಹುದು. ಆದರೆ ನಿಖರವಾದ ದಿನಾಂಕದ ಸಂಗತಿಯೇ ಬೇರೆ. ಬ್ಯಾಂಕಿಗೆ ಫೋನು ಮಾಡಿದರೆ ಗುರುತು ಖಚಿತಪಡಿಸಿಕೊಳ್ಳಲು ಅವರು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು. ಎಷ್ಟೋ ಕಡೆ ಸಂಬಳದ ಚೀಟಿಯ ಪಿಡಿಎಫ್ ತೆರೆಯುವ ಪಾಸ್‌ವರ್ಡ್ ಕೂಡ ಅದೇ. ಕಳುವಾದ ಪಾಸ್‌ವರ್ಡನ್ನು ಬದಲಾಯಿಸಬಹುದು, ಹುಟ್ಟಿದ ದಿನವನ್ನು ಬದಲಾಯಿಸಲಾಗದು. ಹೆಸರು, ಮೊಬೈಲ್ ಸಂಖ್ಯೆ, ಮುಖದ ಚಿತ್ರ, ಜನ್ಮದಿನಾಂಕ ಒಂದೇ ಮೇಲ್‌ನಲ್ಲಿ ಸೇರಿದರೆ, ನನ್ನ ಹೆಸರಿನಲ್ಲಿ ಇನ್ನೊಬ್ಬರು ವ್ಯವಹರಿಸಲು ಬೇಕಾದದ್ದರಲ್ಲಿ ಬಹುಪಾಲು ಅಲ್ಲೇ ಸಿಗುತ್ತದೆ.

ನಿಮ್ಮ ಮೇಲೆ ಅನುಮಾನದಿಂದ ಇದನ್ನು ಬರೆಯುತ್ತಿಲ್ಲ. ನಾಲ್ಕು ವರ್ಷಗಳ ಹಿಂದೆ ಬೇರೊಂದು ನೇಮಕಾತಿ ಸಂಸ್ಥೆಗೆ ಇವೆಲ್ಲವನ್ನೂ ಕಳುಹಿಸಿದ್ದೆ. ಎಂಟು ತಿಂಗಳ ನಂತರ, ನಾನು ಹೆಸರೇ ಕೇಳಿರದ ಕಡೆಯಿಂದ ಕರೆ ಬಂತು. ಕರೆ ಮಾಡಿದವರು ನನ್ನ ಜನ್ಮದಿನಾಂಕವನ್ನು ತಾವೇ ಓದಿ ಹೇಳಿ, ‘ಸರಿಯಾಗಿದೆಯಲ್ಲವೇ’ ಎಂದು ಕೇಳಿದರು. ನನ್ನ ಮಾಹಿತಿ ಎಷ್ಟು ಕೈ ದಾಟಿ ಅಲ್ಲಿಗೆ ತಲುಪಿತ್ತೋ ತಿಳಿಯಲಿಲ್ಲ. ಅದನ್ನು ಅಳಿಸಿ ಎಂದು ಯಾರನ್ನು ಕೇಳಬೇಕೆಂಬುದೂ ತಿಳಿಯಲಿಲ್ಲ.

ಇನ್ನೊಂದು ಮಾತು ಈ ಹುದ್ದೆಗೇ ಸಂಬಂಧಿಸಿದ್ದು. ಆಯ್ಕೆಯಾದವರು ಜರ್ಮನಿ ಮತ್ತು ಅಮೆರಿಕದ ಸಿಬ್ಬಂದಿಯ ಸಂಬಳವನ್ನೂ ನೋಡಿಕೊಳ್ಳಬೇಕು ಎಂದು ನೀವು ತಿಳಿಸಿದಿರಿ. ಉದ್ದೇಶಕ್ಕೆ ಅಗತ್ಯವಿರುವಷ್ಟೇ ವೈಯಕ್ತಿಕ ಮಾಹಿತಿಯನ್ನು ಪಡೆಯಬೇಕು ಎಂಬುದು ಯುರೋಪಿನ ದತ್ತಾಂಶ ರಕ್ಷಣಾ ನಿಯಮದ 5ನೆಯ ವಿಧಿಯಲ್ಲೇ ಇದೆ. ಆ ನಿಯಮ 2018ರ ಮೇ 25ರಿಂದ ಅನ್ವಯವಾಗುತ್ತಿದೆ. ಅರ್ಜಿಯ ಜೊತೆ ಫೋಟೊ ಇಡುವುದು ಬಹುಕಾಲದ ರೂಢಿಯಾಗಿದ್ದ ಜರ್ಮನಿಯಲ್ಲಿ, ವಯಸ್ಸು ಮುಂತಾದ ಕಾರಣಗಳಿಗಾಗಿ ಉದ್ಯೋಗದಲ್ಲಿ ತಾರತಮ್ಯ ಮಾಡುವುದನ್ನು ತಡೆಯುವ ಕಾನೂನು 2006ರಲ್ಲಿ ಬಂತು. ಅಮೆರಿಕದಲ್ಲಿ 40 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ಇಂಥ ರಕ್ಷಣೆ ಕೊಡುವ ಕಾನೂನು 1967ರದು. ಅಲ್ಲಿನ ಸಿಬ್ಬಂದಿಯ ಮಾಹಿತಿಯನ್ನು ನನ್ನ ಕೈಗೆ ಒಪ್ಪಿಸಲಿರುವ ಸಂಸ್ಥೆಗೆ ನನ್ನ ಈ ಎಚ್ಚರ ಒಪ್ಪಿಗೆಯಾಗುತ್ತದೆ ಎಂದೇ ನಂಬಿದ್ದೇನೆ.

ನಿಮಗೆ ತೊಂದರೆಯಾಗಬಾರದು ಎಂಬ ಕಾಳಜಿಯೂ ನನಗಿದೆ. ಗ್ರಾಹಕ ಸಂಸ್ಥೆಯ ಫಾರಂನಲ್ಲಿ ಆ ಕಾಲಂಗಳನ್ನು ಖಾಲಿ ಬಿಡಲು ಆಗದಿದ್ದರೆ, ‘ಕೆಲಸದ ಆಹ್ವಾನ ಪತ್ರ ಬಂದ ನಂತರ ಅಭ್ಯರ್ಥಿ ನೀಡುತ್ತಾರೆ’ ಎಂದು ಷರಾ ಬರೆಯಬಹುದು. ದಿನಾಂಕವನ್ನಲ್ಲದೆ ಬೇರೇನನ್ನೂ ಅದು ಸ್ವೀಕರಿಸದಿದ್ದರೆ ದಯವಿಟ್ಟು ಅಂದಾಜಿನ ದಿನಾಂಕವೊಂದನ್ನು ತುಂಬಬೇಡಿ. ಹಿನ್ನೆಲೆ ಪರಿಶೀಲನೆಯ ವೇಳೆ ದಾಖಲೆಯಲ್ಲಿರುವ ದಿನಾಂಕ ಬೇರೆ, ಅರ್ಜಿಯಲ್ಲಿರುವುದು ಬೇರೆ ಎಂದಾದರೆ ಸುಳ್ಳು ಹೇಳಿದವಳು ನಾನಾಗುತ್ತೇನೆ. ಅಂಥ ಸಂದರ್ಭ ಬಂದರೆ ಮೊದಲು ನನಗೆ ಒಂದು ಕರೆ ಮಾಡಿ.

ನನಗೆ 18 ವರ್ಷ ತುಂಬಿದೆ, ಈ ಕೆಲಸ ಮಾಡಲು ಕಾನೂನಿನ ಯಾವ ಅಡ್ಡಿಯೂ ಇಲ್ಲ ಎಂಬುದನ್ನು ಈ ಮೇಲ್‌ ಮೂಲಕವೇ ದೃಢಪಡಿಸುತ್ತೇನೆ. ಸಂದರ್ಶನಕ್ಕೆ ಬರುವವರು ನಾನೇ ಎಂದು ಖಾತ್ರಿ ಮಾಡಿಕೊಳ್ಳಬೇಕಿದ್ದರೆ, ವಿಡಿಯೊ ಕರೆಯ ಆರಂಭದಲ್ಲಿ ಗುರುತಿನ ಚೀಟಿಯನ್ನು ಕ್ಯಾಮೆರಾದ ಮುಂದೆ ಹಿಡಿದು ತೋರಿಸುತ್ತೇನೆ. ಜನ್ಮದಿನಾಂಕ ಇರುವ ಸಾಲನ್ನು ಮುಚ್ಚಿಕೊಳ್ಳಲು ಮತ್ತು ಆ ಭಾಗವನ್ನು ರೆಕಾರ್ಡ್ ಮಾಡದಿರಲು ಒಪ್ಪಿದರೆ ಸಾಕು. ಆಹ್ವಾನ ಪತ್ರ ಕೈಸೇರಿದ ದಿನವೇ ಫೋಟೊ, ಜನ್ಮದಿನಾಂಕದ ದಾಖಲೆ ಎರಡನ್ನೂ ಆ ಸಂಸ್ಥೆಯ ಮಾನವ ಸಂಪನ್ಮೂಲ ವಿಭಾಗಕ್ಕೆ ನೇರವಾಗಿ ತಲುಪಿಸುತ್ತೇನೆ.

ಅದಕ್ಕೂ ಮೊದಲೇ ಇವು ಬೇಕೇ ಬೇಕು ಎನ್ನಲು ನನಗೆ ತಿಳಿಯದ ಕಾರಣವೊಂದು ಇರಬಹುದು. ಇದ್ದರೆ ಯಾವ ಕೆಲಸಕ್ಕೆ ಬೇಕು, ಯಾರು ಯಾರು ನೋಡುತ್ತಾರೆ, ಆಯ್ಕೆಯಾಗದಿದ್ದರೆ ಎಷ್ಟು ದಿನಗಳಲ್ಲಿ ಅಳಿಸುತ್ತಾರೆ ಎಂದು ಎರಡು ಸಾಲು ಬರೆದು ತಿಳಿಸಿ. ಓದಿ ಮತ್ತೊಮ್ಮೆ ಯೋಚಿಸುತ್ತೇನೆ.

ಈ ಕೆಲಸ ನನಗೆ ನಿಜವಾಗಿಯೂ ಇಷ್ಟವಾಗಿದೆ. ಮೂರು ದೇಶಗಳ ಸಂಬಳವನ್ನು ಒಂದೇ ವ್ಯವಸ್ಥೆಗೆ ತರುವ ಕೆಲಸದಲ್ಲಿ ನನ್ನ ಅನುಭವ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಹಿಂದಿನ ವರ್ಷ ಎರಡು ಹಳೆಯ ತಂತ್ರಾಂಶಗಳಿಂದ ಒಂದಕ್ಕೆ ಬದಲಾದಾಗ, ಮೂರು ತಿಂಗಳ ಸಂಬಳವನ್ನು ಎರಡೂ ಕಡೆ ಸಮಾನಾಂತರವಾಗಿ ಲೆಕ್ಕ ಹಾಕಿ ತಾಳೆ ನೋಡಿದ ವಿವರ ರೆಸ್ಯೂಮೆಯ ಎರಡನೆಯ ಪುಟದಲ್ಲಿದೆ. ಅದನ್ನು ಗ್ರಾಹಕ ಸಂಸ್ಥೆಯವರ ಗಮನಕ್ಕೆ ತಂದರೆ ಉಪಕಾರವಾಗುತ್ತದೆ.

ಫೋಟೊ ಮತ್ತು ಜನ್ಮದಿನಾಂಕವಿಲ್ಲದೆ ಅರ್ಜಿಯನ್ನು ಮುಂದಕ್ಕೆ ಕಳುಹಿಸಲು ಆಗುತ್ತದೆಯೇ ಎಂದು ಬುಧವಾರದೊಳಗೆ ತಿಳಿಸುವಿರಾ? ಸಂದರ್ಶನಕ್ಕೆ ಗುರುವಾರ ಮತ್ತು ಶುಕ್ರವಾರ ಮಧ್ಯಾಹ್ನ 3 ಗಂಟೆಯ ನಂತರ ಬಿಡುವಾಗಿರುತ್ತೇನೆ. ತಿಂಗಳ ಕೊನೆಯ ಮೂರು ದಿನ ಸಂಬಳ ಬಟವಾಡೆಯ ಕೆಲಸವಿರುವುದರಿಂದ ಆಗ ಮಾತ್ರ ಸಾಧ್ಯವಾಗುವುದಿಲ್ಲ.

ವಂದನೆಗಳೊಂದಿಗೆ,
ಸುಮಾ

ಲಗತ್ತು: ರೆಸ್ಯೂಮೆ (2 ಪುಟ, ಪಿಡಿಎಫ್)