ಚಿಕ್ಕಮ್ಮನಿಗೆ, ಪಾತ್ರೆ ಮತ್ತು ಕುರ್ಚಿಗಳ ವಿಷಯವಾಗಿ

ಚಿಕ್ಕಮ್ಮ, ನಮಸ್ಕಾರ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಪುಟ್ಟಿಯ ಹುಟ್ಟುಹಬ್ಬದ ಫೋಟೋಗಳನ್ನು ಮೊನ್ನೆ ಮತ್ತೆ ನೋಡುತ್ತಾ ಕೂತಿದ್ದೆವು. ಅಷ್ಟು ಜನ ಅವಳಿಗೋಸ್ಕರ ಬಂದಿದ್ದಾರೆ, ಅವಳು ಮಾತ್ರ ಚಿಕ್ಕಪ್ಪನ ಹೆಗಲ ಮೇಲೆ ಗಾಢ ನಿದ್ದೆ. ನೋಡಿ ನಕ್ಕಿದ್ದೇ ನಕ್ಕಿದ್ದು.

ಈ ಮಾತನ್ನು ಫೋನಿನಲ್ಲೇ ಹೇಳಬಹುದಿತ್ತು. ಎರಡು ಸಲ ಮಾಡಿದಾಗಲೂ ಪುಟ್ಟಿಯ ಸುದ್ದಿ, ಚಿಕ್ಕಪ್ಪನ ಸೊಂಟನೋವಿನ ಸುದ್ದಿ ಅಂತಲೇ ಹೊತ್ತು ಹೋಯಿತು. ಫೋನ್ ಇಟ್ಟ ಮೇಲೆ ‘ಅಯ್ಯೋ, ಕೇಳಲೇ ಇಲ್ಲವಲ್ಲ’ ಅಂದುಕೊಂಡೆ. ನಿಜ ಹೇಳಬೇಕೆಂದರೆ ಸ್ವಲ್ಪ ಸಂಕೋಚವೂ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ನಮ್ಮ ಮನೆಯಿಂದ ತಂದಿದ್ದ ಪಾತ್ರೆ, ಕುರ್ಚಿಗಳು ಈಗ ನಮಗೆ ಬೇಕಾಗಿವೆ. ಬರುವ ಭಾನುವಾರ ಇವರ ಅಣ್ಣ, ಅತ್ತಿಗೆ, ಮಕ್ಕಳು, ನಾದಿನಿಯ ಮನೆಯವರು ಎಲ್ಲ ನಮ್ಮಲ್ಲಿ ಸೇರುತ್ತಿದ್ದಾರೆ. ಹೆಚ್ಚುಕಡಿಮೆ 25 ಜನ ಆಗುತ್ತಾರೆ. ನಿಮ್ಮ ಮನೆ ಫಂಕ್ಷನ್ ಮುಗಿದು ಮೂರು ವಾರ ಆಯಿತಷ್ಟೆ. ಬಂದವರನ್ನು ಕಳಿಸಿ, ಮನೆ ಮತ್ತೆ ಒಂದು ಹದಕ್ಕೆ ಬರಲು ಅಷ್ಟು ದಿನ ಬೇಕೇ ಬೇಕು. ಈ ಭಾನುವಾರದ್ದು ಇಲ್ಲದಿದ್ದರೆ ನಾನೂ ಸುಮ್ನೆ ಇರುತ್ತಿದ್ದೆ.

ಗಾಡಿಗೆ ಹಾಕುವಾಗ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೆ. ನಿಮಗೂ ಹುಡುಕಲು ಸುಲಭವಾಗಲಿ ಅಂತ ಹೇಳುತ್ತೇನೆ, ಲೆಕ್ಕ ಕೇಳುತ್ತಿದ್ದಾಳೆ ಅಂದುಕೊಳ್ಳಬೇಡಿ. ಪ್ಲಾಸ್ಟಿಕ್ ಕುರ್ಚಿ 18. ಸ್ಟೀಲ್ ತಟ್ಟೆ 30, ಲೋಟ 30. ಅಲ್ಯೂಮಿನಿಯಂ ಡಬರಿ ಎರಡು, ಮುಚ್ಚಳದ ಸಮೇತ. ಉದ್ದ ಹಿಡಿಯ ಸೌಟು ಎರಡು, ಜಾಲರಿ ಒಂದು. ಆಮೇಲೆ ಅಮ್ಮನ ಹಿತ್ತಾಳೆ ಕೊಳಗ.

ಕೊಳಗ ಗುರುತಿಸುವುದು ಸುಲಭ. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅಮ್ಮನ ಹೆಸರು ಕೊರೆಸಿದೆ, ಕೊನೆಯ ಅಕ್ಷರ ಸವೆದು ಅರ್ಧ ಹೋಗಿದೆ. ಅದರ ತಳ ಏನಾದರೂ ಹಿಡಿದಿದ್ದರೆ ದಯವಿಟ್ಟು ಉಜ್ಜಲು ಹೋಗಬೇಡಿ, ಹಾಗೇ ಕಳಿಸಿ. ಒಳಗಡೆ ಕಲಾಯಿ ಮಾಡಿಸಿದೆ. ಗಟ್ಟಿಯಾಗಿ ಕೆರೆದರೆ ಕಲಾಯಿ ಎದ್ದು ಹೋಗುತ್ತದೆ. ನಾನು ಬೆಚ್ಚಗಿನ ನೀರಲ್ಲಿ ನೆನೆಹಾಕಿ ತೊಳೆದುಕೊಳ್ಳುತ್ತೇನೆ. ಅಮ್ಮ ದಿನಾ ಬೆಳಿಗ್ಗೆ ‘ಕೊಳಗ ಬಂತೇನೇ?’ ಅನ್ನುತ್ತಾರೆ. ನಿಮ್ಮ ಅಕ್ಕನ ಬಗ್ಗೆ ನಿಮಗೆ ನಾನೇನು ಹೇಳಲಿ, ಅಲ್ವಾ?

ಕುರ್ಚಿಗಳಲ್ಲಿ ಒಂದರ ಹಿಂಗಾಲು ಸೀಳಿದೆ, ತಂತಿ ಸುತ್ತಿದೆ. ಅದು ಮುಂಚೆಯಿಂದಲೂ ಹಾಗೇ ಇತ್ತು, ನಿಮ್ಮಲ್ಲಿ ಆದದ್ದಲ್ಲ. ಅಂಗಳದಲ್ಲೇ ಇದ್ದರೆ ಸ್ವಲ್ಪ ನೆರಳಿಗೆ ಎಳೆಸಿಬಿಡಿ. ಬಿಸಿಲಲ್ಲಿ ಜಾಸ್ತಿ ದಿನ ಬಿದ್ದರೆ ಪ್ಲಾಸ್ಟಿಕ್ ಪೆಡಸಾಗಿ, ಯಾರಾದರೂ ಒರಗಿ ಕೂತಾಗ ಪಟ್ಟನೆ ಮುರಿಯುತ್ತದೆ.

ತಟ್ಟೆ, ಲೋಟ ಒಂದೆರಡು ಕಡಿಮೆ ಇದ್ದರೆ ಹುಡುಕಾಡಿ ಬೇಜಾರು ಮಾಡಿಕೊಳ್ಳಬೇಡಿ. ಅಷ್ಟು ಜನ ಕೈಯಾಡಿಸಿದ ಮೇಲೆ ಅದೆಲ್ಲ ಇದ್ದದ್ದೇ. ಅವತ್ತು ನನ್ನ ಚೀಲದಲ್ಲೂ ನಿಮ್ಮ ಒಂದು ಮುಚ್ಚಳ ಬಂದುಬಿಟ್ಟಿದೆ, ಹಿಡಿಗೆ ಕೆಂಪು ದಾರ ಕಟ್ಟಿರುವುದು. ನಮ್ಮ ಯಾವ ಪಾತ್ರೆಗೂ ಅದು ಕೂರುತ್ತಿಲ್ಲ! ಅದನ್ನೂ ಕಳಿಸುತ್ತೇನೆ.

ತರುವ ಚಿಂತೆ ನಿಮಗೆ ಬೇಡ. ಗುರುವಾರ ಸಂಜೆ ಆರರ ಹೊತ್ತಿಗೆ ಇವರೇ ಗಾಡಿ ತೆಗೆದುಕೊಂಡು ಬರುತ್ತಾರೆ, ಜೊತೆಗೆ ನಮ್ಮ ಹುಡುಗನೂ ಇರುತ್ತಾನೆ. ಚಿಕ್ಕಪ್ಪ ಒಂದು ಕುರ್ಚಿಯನ್ನೂ ಎತ್ತಬಾರದು, ನನ್ನಾಣೆ ಅಂತ ಹೇಳಿ. ಪಾತ್ರೆಗಳನ್ನು ಒಂದು ಕಡೆ ತೆಗೆದಿಟ್ಟಿದ್ದರೆ ಸಾಕು. ಗುರುವಾರ ನೀವು ಮನೆಯಲ್ಲಿ ಇರುವುದಿಲ್ಲ ಅಂದರೆ ಶುಕ್ರವಾರವೂ ಆಗುತ್ತದೆ, ಒಂದು ಮೆಸೇಜ್ ಹಾಕಿ. ಶನಿವಾರಕ್ಕೆ ಹೋದರೆ ಮಾತ್ರ ನನಗೆ ತೊಳೆದು ಒಣಗಿಸಲು ಹೊತ್ತು ಸಾಲುವುದಿಲ್ಲ. ಪಕ್ಕದ ಮನೆಗೋ ಬೇರೆ ಯಾರಿಗೋ ಒಂದಿಷ್ಟು ಕೊಟ್ಟಿದ್ದರೆ ಅದನ್ನೂ ಹೇಳಿ, ಇವರು ಅಲ್ಲಿಂದಲೇ ತೆಗೆದುಕೊಳ್ಳುತ್ತಾರೆ.

ಮುಂದೆ ನಿಮಗೆ ಏನು ಬೇಕಾದರೂ ಹಿಂದೆಮುಂದೆ ನೋಡದೆ ಕೇಳಿ. ಭಾನುವಾರ ನೀವೂ ಬಂದರೆ ಅಮ್ಮನಿಗೆ ಖುಷಿಯಾಗುತ್ತದೆ. ಪುಟ್ಟಿ ಎಚ್ಚರವಾಗಿರುವಾಗ ಒಂದು ಫೋಟೋ ತೆಗೆಯುವುದು ಇನ್ನೂ ಬಾಕಿ ಇದೆ.

ಇಂತಿ,
ನಿಮ್ಮ ಅಕ್ಕನ ಮಗಳು