ಒಂದು ಓಟಿನ ಲೆಕ್ಕ: ಮತದಾನದ ವಿರೋಧಾಭಾಸ

ಒಂದು ಲಕ್ಷ ಮತದಾರರಿರುವ ಕ್ಷೇತ್ರ. ಸಾಲಿನಲ್ಲಿ ಒಬ್ಬಾಕೆ ಮುಕ್ಕಾಲು ಗಂಟೆಯಿಂದ ನಿಂತಿದ್ದಾಳೆ. ಬಿಸಿಲಿದೆ, ಅರ್ಧ ದಿನದ ಕೂಲಿಯೂ ಹೋಯಿತು. ಅವಳ ಓಟು ಫಲಿತಾಂಶ ಬದಲಿಸಬೇಕಾದರೆ ಉಳಿದವರ ಓಟುಗಳು ಸಮ ಆಗಿರಬೇಕು, ಇಲ್ಲವೇ ಒಂದರ ಅಂತರ ಇರಬೇಕು. ಅದು ಆಗೋದು ತೀರಾ ಅಪರೂಪ. ಹಾಗಿದ್ದರೂ ಯಾಕೆ ನಿಂತಿದ್ದಾಳೆ?

ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1957ರಲ್ಲಿ ಎತ್ತಿದ ಪ್ರಶ್ನೆ ಇದೇ. ಲಾಭ-ನಷ್ಟ ತೂಗಿ ನಡೆಯುವವರು ಮನೆಯಲ್ಲೇ ಇರಬೇಕು. ಆದರೆ ಕೋಟಿಗಟ್ಟಲೆ ಜನ ಓಟು ಹಾಕುತ್ತಾರೆ.

1968ರಲ್ಲಿ ರಾಜಕೀಯ ಶಾಸ್ತ್ರಜ್ಞರಾದ ರೈಕರ್ ಮತ್ತು ಆರ್ಡೆಶುಕ್ ಉತ್ತರ ಹುಡುಕಿದರು:

R = PB − C + D

R ಅಂದರೆ ಓಟು ಹಾಕುವುದರಿಂದ ಒಟ್ಟಾರೆ ಸಿಗುವ ಪ್ರತಿಫಲ; ಅದು ಸೊನ್ನೆಗಿಂತ ಹೆಚ್ಚಿದ್ದರೆ ಓಟು ಹಾಕುತ್ತಾರೆ. P ಅಂದರೆ ನಮ್ಮ ಓಟೇ ನಿರ್ಣಾಯಕವಾಗುವ ಸಾಧ್ಯತೆ, B ನಮ್ಮ ಅಭ್ಯರ್ಥಿ ಗೆದ್ದರೆ ಸಿಗುವ ಲಾಭ, C ಖರ್ಚು. D ಅಂದರೆ ಕರ್ತವ್ಯ ಮಾಡಿದ ತೃಪ್ತಿ.

ನನ್ನ ತಕರಾರು ಈ D ಬಗ್ಗೆಯೇ. P ಸೊನ್ನೆಗೆ ಹತ್ತಿರ ಇರುವುದರಿಂದ ಇಡೀ ಭಾರ D ಮೇಲೆ ಬೀಳುತ್ತದೆ. ಆಗ ಸಿದ್ಧಾಂತ ಹೇಳುವುದು ಇಷ್ಟೇ: ಓಟು ಹಾಕಲು ಇಷ್ಟವಿದ್ದವರು ಓಟು ಹಾಕುತ್ತಾರೆ. ಇದು ವಿವರಣೆ ಅಲ್ಲ, ಅಲ್ವಾ? ರಾಜಕೀಯ ಶಾಸ್ತ್ರಜ್ಞರಾದ ಗ್ರೀನ್ ಮತ್ತು ಶಪಿರೊ 1994ರಲ್ಲಿ ಇಂಥ ತೇಪೆಗಳನ್ನೇ ಕಟುವಾಗಿ ಟೀಕಿಸಿದರು.

ಹಾಗಂತ ಲೆಕ್ಕವನ್ನು ಸುಮ್ನೆ ಬಿಸಾಡುವಂತಿಲ್ಲ. ಪೈಪೋಟಿ ಜಾಸ್ತಿ ಇದ್ದಲ್ಲಿ, ಮತಗಟ್ಟೆ ಹತ್ತಿರವಿದ್ದಲ್ಲಿ ಮತದಾನ ಸಾಮಾನ್ಯವಾಗಿ ಏರುತ್ತದೆ. ಯಾರು ಯಾವಾಗ ಹಿಂದೆ ಸರಿಯುತ್ತಾರೆ ಅನ್ನೋದನ್ನು ಈ ಲೆಕ್ಕ ಒಂದಿಷ್ಟು ತೋರಿಸುತ್ತದೆ. ಅವಳು ಸಾಲಿಗೆ ಬಂದದ್ದೇ ಯಾಕೆ ಅನ್ನೋದನ್ನು ಅದು ಹೇಳುವುದಿಲ್ಲ.